ಗಡುವಿಲ್ಲದ ವಾಟ್ಸಾಪ್ ಪೋಲ್ ಪೋಲೇ ಅಲ್ಲ

"ಗ್ರೂಪ್ ಸ್ಟಡಿಗೆ ಪೋಲ್ ಹಾಕಿದೆ, ಎಲ್ಲರೂ ವೋಟ್ ಮಾಡಿದ್ರು, ಆದ್ರೂ ಸೇರೋಕಾಗ್ಲಿಲ್ಲ. ಪೋಲೆಲ್ಲ ವೇಸ್ಟು" ಅಂತ ಒಂದು ಕಾಮೆಂಟು. ಗುರು, ಪೋಲ್ ಎಷ್ಟು ಗಂಟೆಗೆ ಮುಚ್ಚುತ್ತೆ ಅಂತ ಬರೆದಿದ್ಯಾ? ಇಲ್ಲ ತಾನೆ? ಹಾಗಾದ್ರೆ ನೀನು ಹಾಕಿದ್ದು ಪೋಲಲ್ಲ, ಹರಟೆ.

ಆರು ಜನ ಇದ್ದೀರಿ ಅಂದ್ಕೊಳ್ಳಿ. ವಾಟ್ಸಾಪ್ ಪೋಲ್‌ನಲ್ಲಿ ಹನ್ನೆರಡು ಆಯ್ಕೆ ಹಾಕಬಹುದು, ಆದ್ರೆ ನಾಲ್ಕೇ ಸಾಕು. ಶುಕ್ರವಾರ ರಾತ್ರಿ 8, ಶನಿವಾರ ಸಂಜೆ 6, ಭಾನುವಾರ ಬೆಳಿಗ್ಗೆ 7, ಭಾನುವಾರ ಸಂಜೆ 4. ತಲಾ ಒಂದೇ ವೋಟು ಅಂದ್ರೆ ಶನಿವಾರಕ್ಕೆ ಮೂರು, ಭಾನುವಾರ ಬೆಳಿಗ್ಗೆಗೆ ಎರಡು, ಸಂಜೆಗೆ ಒಂದು. ಶನಿವಾರ ಗೆದ್ದಿತು, ಅರ್ಧ ಜನ ಮನೆಯಲ್ಲೇ! ಅದಕ್ಕೇ ಒಬ್ಬರು ಹಲವು ಉತ್ತರ ಒತ್ತೋ ಹಾಗಿರಲಿ. ಪ್ರಶ್ನೆ "ಯಾವುದು ಇಷ್ಟ?" ಅಂತಲ್ಲ, "ಯಾವ್ಯಾವುದಕ್ಕೆ ಬರೋಕಾಗುತ್ತೆ?" ಅಂತ. ಈಗ ನೋಡಿ, ಒಬ್ಬರಿಗೆ ಮಾತ್ರ ಇಷ್ಟ ಇದ್ದ ಭಾನುವಾರ ಸಂಜೆಗೆ ಐದು ವೋಟು ಬೀಳಬಹುದು. ಇಷ್ಟ ಕಟ್ಕೊಂಡು ಏನು ಮಾಡ್ತೀರಿ, ಬರೋ ಜನ ಬೇಕು.

ಆದ್ರೆ ಗಡುವು! ಬುಧವಾರ ರಾತ್ರಿ 9ಕ್ಕೆ ಮುಚ್ಚುತ್ತೆ ಅಂತ ಪೋಲ್‌ನ ಪ್ರಶ್ನೆಯಲ್ಲೇ ಬರೀರಿ. ಕೆಳಗೆ ಬೇರೆ ಮೆಸೇಜಲ್ಲಿ ಬರೆದ್ರೆ ಅದು ಗುಡ್ ಮಾರ್ನಿಂಗ್ ಹೂವುಗಳಡಿ ಸಮಾಧಿ ಆಗುತ್ತೆ. 9ಕ್ಕೆ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ, ಯಾಕಂದ್ರೆ ಹಾಕಿದ ವೋಟನ್ನ ಆಮೇಲೂ ಬದಲಾಯಿಸಬಹುದು. ಗುರುವಾರ ಒಬ್ಬ ಮೆಲ್ಲಗೆ ಟಿಕ್ ತೆಗೀತಾನೆ, ಐದು ನಾಲ್ಕಾಗುತ್ತೆ, ಮತ್ತೆ ಪಂಚಾಯಿತಿ ಶುರು.

ಉಳಿದ ನಿಯಮಗಳೂ ವೋಟಿಗೆ ಮುಂಚೆಯೇ ಗೊತ್ತಿರಬೇಕು. ಕನಿಷ್ಠ ನಾಲ್ಕು ಜನ. ಸಮ ಬಿದ್ರೆ ಮೊದಲು ಬರೋ ಹೊತ್ತು. ವೋಟ್ ಹಾಕದವರು ತೀರ್ಮಾನಕ್ಕೆ ಒಪ್ಪಿದ ಹಾಗೆ, ಆದ್ರೆ ಆ ನಾಲ್ಕರ ಲೆಕ್ಕಕ್ಕೆ ಅವರನ್ನ ಸೇರಿಸಬೇಡಿ. ಸುಮ್ಮನಿದ್ದವನು ಬಂದೇ ಬರ್ತಾನೆ ಅಂತ ಯಾರು ಹೇಳಿದ್ರು? ಫಲಿತಾಂಶ ನೋಡಿದ ಮೇಲೆ ನಿಯಮ ಮಾಡಿದ್ರೆ ಅದು ನಿಯಮ ಅಲ್ಲ, ಜಗಳ.

"ಫ್ರೆಂಡ್ಸ್ ಮಧ್ಯೆ ಇಷ್ಟು ಸ್ಟ್ರಿಕ್ಟಾ?" ಅಂತೀರಿ. ಓಹೋ, ಹಾಗಾದ್ರೆ "ನಂಗೆ ಯಾವಾಗಾದ್ರೂ ಓಕೆ" ಅನ್ನೋ ಆ ಮಹಾನುಭಾವನ ಹಿಂದೆ ಪರೀಕ್ಷೆ ಮುಗಿಯೋವರೆಗೂ ಅಲೀರಿ. ಹೌದು, ಆರನೆಯವರಿಗೆ ಪ್ರತಿ ವಾರ ತಪ್ಪಿಹೋದ್ರೆ ಅನ್ಯಾಯವೇ. ಒಂದು ವಾರ ತಪ್ಪಿದವರು ಮುಂದಿನ ಪೋಲ್‌ನ ನಾಲ್ಕು ಹೊತ್ತಲ್ಲಿ ಎರಡನ್ನ ಅವರೇ ಆರಿಸಲಿ. ಆದ್ರೆ ಗಡುವು ಮುಗಿದ ಮೇಲೆ "ಐದನೇ ಆಯ್ಕೆ ಸೇರಿಸ್ರೋ" ಅಂದ್ರೆ ಆಗಲ್ಲ! ಮೊದಲೇ ವೋಟ್ ಮಾಡಿದವರು ಅದನ್ನ ನೋಡೋಕೆ ವಾಪಸ್ ಬರಲ್ಲ.

ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ಅದಕ್ಕೆ ಗಡುವಿಲ್ಲ. ಪೋಲಿಗೆ ಇದೆ. 9 ಗಂಟೆ ಅಂದ್ರೆ 9 ಗಂಟೆ. 9:05 ಅಂತ ಕಾಮೆಂಟ್ ಹಾಕೋರನ್ನ ಬ್ಲಾಕ್ ಮಾಡ್ತೀನಿ.