14 ಅಂದರೆ ಯಾವ 14?

ಕೇಳುಗರಿಗೆ ನಮಸ್ಕಾರ.

ರೋಗಿಗೆ ಎಷ್ಟು ಎಚ್ಚರವಿದೆ ಎಂದು ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲಿನ ಕೋಷ್ಟಕವನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಕಣ್ಣಿಗೆ 4 ಅಂಕ, ಮಾತಿಗೆ 5, ಕೈಕಾಲಿನ ಚಲನೆಗೆ 6. ಪೂರ್ತಿ ಎಚ್ಚರವಾಗಿದ್ದರೆ 15. ಏನೂ ಇಲ್ಲದಿದ್ದರೂ 3, ಯಾಕೆಂದರೆ ಪ್ರತಿಯೊಂದಕ್ಕೂ ಕನಿಷ್ಠ 1 ಇದ್ದೇ ಇರುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಗಡಗಡ ಒಪ್ಪಿಸುತ್ತಾರೆ. ಅದೇ ವಿದ್ಯಾರ್ಥಿಯನ್ನು ಮಂಚದ ಪಕ್ಕ ನಿಲ್ಲಿಸಿ, "ಈಗ ಎಷ್ಟಮ್ಮ?" ಎಂದು ಕೇಳಿದರೆ ತಡಬಡಾಯಿಸುತ್ತಾರೆ. ಅದಕ್ಕೇ ನಾನು ಕೋಷ್ಟಕವನ್ನು ಬೇಗ ಮುಗಿಸಿ ಅಭ್ಯಾಸದ ಕೇಸಿಗೆ ಬಂದುಬಿಡುತ್ತೇನೆ. ಇವತ್ತು ಅಂಥ ಒಂದು ಕೇಸನ್ನು ನಿಮ್ಮ ಮುಂದೆ ಬಿಡಿಸಿ ಹೇಳುತ್ತೇನೆ. ಕೇಸು ಪಾಠಕ್ಕಾಗಿ ಕಟ್ಟಿದ್ದು. ಆದರೆ ತಲೆಗೆ ಪೆಟ್ಟು ಬಿದ್ದವರಲ್ಲಿ ಹೀಗೆ ಆಗುವುದು ನಿಜ.

ಕೇಸಿನ ಹಾಳೆಯನ್ನು ಒಟ್ಟಿಗೆ ಕೊಡುವುದಿಲ್ಲ. ಅರ್ಧ ಗಂಟೆಯ ಸ್ಥಿತಿಗೆ ಒಂದೊಂದು ಚೀಟಿ. ಒಂದು ಚೀಟಿಗೆ ಅಂಕ ಬರೆದು ಮುಗಿಸಿದ ಮೇಲೇ ಮುಂದಿನದು. ಮುಂದೇನಾಗುತ್ತದೆ ಎಂದು ಗೊತ್ತಿದ್ದರೆ ಎಲ್ಲರೂ ಬುದ್ಧಿವಂತರೇ, ಅಲ್ವಾ?

ಮೊದಲ ಚೀಟಿ, ಬೆಳಿಗ್ಗೆ 10 ಗಂಟೆ. 24 ವರ್ಷದ ಯುವಕ. ಏಣಿಯಿಂದ ಬಿದ್ದು ಬಲಗಿವಿಯ ಮೇಲೆ ಪೆಟ್ಟು ಮಾಡಿಕೊಂಡಿದ್ದಾನೆ. ಒಂದೆರಡು ನಿಮಿಷ ಎಚ್ಚರ ತಪ್ಪಿತ್ತಂತೆ. ಈಗ ಕಣ್ಣು ತೆರೆದೇ ಇದ್ದಾನೆ. ಹೆಸರು, ಜಾಗ, ತಿಂಗಳು ಸರಿಯಾಗಿ ಹೇಳುತ್ತಾನೆ. ಕೈ ಎತ್ತು ಎಂದರೆ ಎತ್ತುತ್ತಾನೆ. ಎರಡೂ ಕಣ್ಣಿನ ಪಾಪೆ 3 ಮಿಲಿಮೀಟರ್, ಬೆಳಕು ಬಿಟ್ಟರೆ ಚುರುಕಾಗಿ ಕುಗ್ಗುತ್ತವೆ. ನಾಡಿ 84, ಬಿಪಿ 126ಕ್ಕೆ 78. ಚಾರ್ಟಿನಲ್ಲಿ ಕಣ್ಣಿಗೆ ಇ, ಮಾತಿಗೆ ವಿ, ಚಲನೆಗೆ ಎಂ ಎಂದು ಬರೆಯುತ್ತೇವೆ. ಇವನಿಗೆ ಇ 4, ವಿ 5, ಎಂ 6. ಒಟ್ಟು 15. ಯಾರೂ ತಪ್ಪು ಮಾಡುವುದಿಲ್ಲ.

10:30ಕ್ಕೂ ಅದೇ 15. ಒಂದು ಸಲ ವಾಂತಿ ಆಗಿದೆ, ತಲೆನೋವು ಇದೆ.

11 ಗಂಟೆಯ ಚೀಟಿಯಲ್ಲಿ ಕ್ಲಾಸು ಇಬ್ಭಾಗವಾಗುತ್ತದೆ. ಹುಡುಗ ಕಣ್ಣು ಮುಚ್ಚಿ ಮಲಗಿದ್ದಾನೆ. ಹೆಸರು ಹಿಡಿದು ಕರೆದಾಗ ಕಣ್ಣು ತೆರೆಯುತ್ತಾನೆ, ಉತ್ತರ ಸರಿಯಾಗೇ ಕೊಡುತ್ತಾನೆ, ಆದರೆ ಮಾತಿನ ಮಧ್ಯದಲ್ಲೇ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಅರ್ಧ ಕ್ಲಾಸು ಇ 4 ಎನ್ನುತ್ತದೆ. "ಪಾಪ, ಸುಸ್ತಾಗಿ ಮಲಗಿದ್ದಾನೆ ಮೇಡಂ, ಎಬ್ಬಿಸಿದರೆ ಏಳ್ತಾನಲ್ಲ" ಎಂಬ ವಾದ. ವಾದದಲ್ಲಿ ಹುರುಳಿಲ್ಲ ಎಂದಲ್ಲ. ಸುಮ್ನೆ ನಿದ್ದೆ ಹೋದವನನ್ನೂ ಕರೆದೇ ಎಬ್ಬಿಸಬೇಕು. ಆದರೆ ಬರೀ ನಿದ್ದೆಯಾದರೆ, ಪೂರ್ತಿ ಎಬ್ಬಿಸಿದ ಮೇಲೆ ಒಂದೆರಡು ನಿಮಿಷ ಮಾತಾಡಿಸುವಷ್ಟು ಹೊತ್ತು ಕಣ್ಣು ತೆರೆದೇ ಇರುತ್ತದೆ. ಇವನದು ಹಾಗಿಲ್ಲ. ಪ್ರತಿ ಸಲವೂ ಕರೆಯಬೇಕಾಗಿದೆ. ಇದು ಇ 3. ಒಟ್ಟು 14.

ಇಲ್ಲಿ ನಾನು ಪಾಠ ನಿಲ್ಲಿಸಿ ಕೇಳುತ್ತೇನೆ: 14 ಅಂದರೆ ಯಾವ 14? ಕಣ್ಣು ತೆರೆದೇ ಇದ್ದು ತಿಂಗಳು ತಪ್ಪು ಹೇಳುವವನಿಗೂ 14. ಕರೆದಾಗ ಮಾತ್ರ ಕಣ್ಣು ತೆರೆದು ಎಲ್ಲ ಸರಿಯಾಗಿ ಹೇಳುವವನಿಗೂ 14. ಇಬ್ಬರೂ ಒಂದೇ ಅಲ್ಲ. ಅದಕ್ಕೇ ಒಬ್ಬ ರೋಗಿಯ ಬಗ್ಗೆ ಹೇಳುವಾಗ ಮೂರೂ ಅಂಕ ಬಿಡಿಬಿಡಿಯಾಗಿ ಹೇಳಬೇಕು. 1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಈ ಅಳತೆಯನ್ನು ಮುಂದಿಟ್ಟಿದ್ದೇ ಗೊಂದಲ ತಪ್ಪಿಸುವುದಕ್ಕೆ. ಅದಕ್ಕೆ ಮುಂಚೆ "ಮಂಪರಿನಲ್ಲಿದ್ದಾನೆ" ಎಂದು ಒಬ್ಬರು ಬರೆದರೆ ಇನ್ನೊಬ್ಬರಿಗೆ ಅದರ ಅರ್ಥ ಬೇರೆಯೇ ಆಗುತ್ತಿತ್ತು. ಬರೀ ಮೊತ್ತ ಬರೆದರೆ ನಾವು ಮತ್ತೆ ಅದೇ ಗೊಂದಲಕ್ಕೆ ಹೋದ ಹಾಗೆ.

ಮೂರನ್ನೂ ಬಿಡಿಯಾಗಿ ಬರೆಯುವುದರಿಂದ ಇನ್ನೊಂದು ಲಾಭವಿದೆ. ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಯಾರಾದರೂ ವಿ 5, ಎಂ 5 ಎಂದು ಬರೆದಿದ್ದರೆ ನನಗೆ ಅನುಮಾನ ಬರುತ್ತದೆ. ಹೆಸರು, ಊರು, ತಿಂಗಳು ಸರಿಯಾಗಿ ಹೇಳುವವನು ನಾಲಗೆ ಚಾಚು ಎಂದರೆ ಯಾಕೆ ಚಾಚುವುದಿಲ್ಲ? ಹೆಚ್ಚಾಗಿ, ಬರೆದವರು ಅದನ್ನು ಕೇಳಿಯೇ ಇರುವುದಿಲ್ಲ.

11:30ರ ಚೀಟಿ. ಕರೆದಾಗ ಕಣ್ಣು ತೆರೆಯುತ್ತಾನೆ. ಆಸ್ಪತ್ರೆಯಲ್ಲಿದ್ದರೂ ಮನೆಯಲ್ಲಿದ್ದೇನೆ ಎನ್ನುತ್ತಾನೆ. ಹೇಳಿದ ಹಾಗೆ ಕೈ ಎತ್ತುತ್ತಾನೆ, ಆದರೆ ಬಿಪಿ ಪಟ್ಟಿ ಕಿತ್ತೆಸೆಯುತ್ತಾನೆ. ತಲೆನೋವು ಜಾಸ್ತಿಯಾಗಿದೆ. ಇ 3, ವಿ 4, ಎಂ 6. ಒಟ್ಟು 13.

ಈ ಹಂತಕ್ಕೆ ನಾನು ಒಬ್ಬ ವಿದ್ಯಾರ್ಥಿನಿಯನ್ನೇ ರೋಗಿಯ ಹಾಗೆ ಮಲಗಿಸಿ, ಇನ್ನೊಬ್ಬಳಿಗೆ ಪ್ರಶ್ನೆ ಕೇಳಲು ಹೇಳುತ್ತೇನೆ. ಹತ್ತರಲ್ಲಿ ಎಂಟು ಸಲ ಬರುವ ಪ್ರಶ್ನೆ, "ಇದು ಆಸ್ಪತ್ರೆ ಅಲ್ವಾ?" ಹೂಂ ಎಂದರೆ ವಿ 5 ಬರೆದುಬಿಡುತ್ತಾರೆ! ಉತ್ತರವನ್ನು ನಾವೇ ಬಾಯಿಗಿಟ್ಟ ಮೇಲೆ ಅದು ಪರೀಕ್ಷೆ ಹೇಗಾಗುತ್ತದೆ? "ಈಗ ಎಲ್ಲಿದ್ದೀರಿ? ಇದು ಯಾವ ತಿಂಗಳು?" ಎಂದು ಕೇಳಿ ಕಾಯಬೇಕು. ರೋಗಿಗೆ ಗೊತ್ತಿರುವ ಭಾಷೆಯಲ್ಲೇ ಕೇಳಬೇಕು. ಕಿವಿ ಸರಿಯಾಗಿ ಕೇಳುತ್ತದೆಯೇ ಎಂದೂ ನೋಡಿಕೊಳ್ಳಬೇಕು. "ನನ್ನ ಕೈ ಹಿಡಿ" ಎಂದರೂ ಸಾಲದು. ಅಂಗೈಗೆ ಬೆರಳು ತಾಗಿದರೆ ಸಾಕು, ತಾನಾಗಿ ಹಿಡಿದುಕೊಳ್ಳುವವರೂ ಇರುತ್ತಾರೆ. "ಈಗ ಬಿಡಿ" ಎಂದಾಗಲೂ ಬಿಟ್ಟರೆ ಎಂ 6.

ಸರಿ, 13 ಬಂತು. ಈಗ ಏನು ಮಾಡುತ್ತೀರಿ? "ಇನ್ನೊಂದರ್ಧ ಗಂಟೆ ನೋಡೋಣ ಮೇಡಂ" ಎನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಬೇಡ. ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, ಅಂಕ ಒಂದೇ ಇಳಿದು ಅರ್ಧ ಗಂಟೆಯಾದರೂ ಹಾಗೇ ಉಳಿದರೆ ಡಾಕ್ಟರನ್ನು ತುರ್ತಾಗಿ ಕರೆಯಬೇಕು. ಚಲನೆಯ ಅಂಕ ಇಳಿದಿದ್ದರೆ ಇನ್ನೂ ಹೆಚ್ಚು ಗಂಭೀರ. ಚಡಪಡಿಕೆ, ವರ್ತನೆಯಲ್ಲಿ ಬದಲಾವಣೆ, ಜಾಸ್ತಿಯಾಗುತ್ತಿರುವ ತಲೆನೋವು, ನಿಲ್ಲದ ವಾಂತಿ, ಇವೂ ಕರೆಯುವುದಕ್ಕೆ ಸಾಕಾದ ಕಾರಣಗಳೇ. ನಮ್ಮ ಹುಡುಗನಲ್ಲಿ ಈಗ ಒಂದಲ್ಲ, ಮೂರು ಕಾರಣ ಸೇರಿವೆ. ಅನುಭವವಿರುವ ಇನ್ನೊಬ್ಬ ನರ್ಸ್ ಒಂದು ಸಲ ನೋಡಿ ಖಚಿತಪಡಿಸಲಿ. ಆದರೆ ಅದು ಆ ಕ್ಷಣದಲ್ಲೇ ಆಗಬೇಕು.

ಪಾಠಕ್ಕಾಗಿ, ಡಾಕ್ಟರನ್ನು ಯಾರೂ ಕರೆಯಲಿಲ್ಲ ಎಂದುಕೊಂಡು 12 ಗಂಟೆಯ ಚೀಟಿ ಬಿಡಿಸುತ್ತೇವೆ. ಕರೆದರೂ ಕಣ್ಣು ತೆರೆಯುವುದಿಲ್ಲ, ಒತ್ತಿದರೆ ಮಾತ್ರ ತೆರೆಯುತ್ತಾನೆ. ಬಿಡಿ ಬಿಡಿ ಪದ ಬರುತ್ತವೆ, ವಾಕ್ಯವಿಲ್ಲ. ಹೇಳಿದ್ದು ಮಾಡುವುದಿಲ್ಲ. ಎಡಗೈ ಮೊಣಕೈಯಲ್ಲಿ ಮಡಚುತ್ತದೆ ಅಷ್ಟೇ. ಬಲಗೈ ಒತ್ತಿದ ಜಾಗಕ್ಕೇ ಬರುತ್ತದೆ.

ಅತಿ ಹೆಚ್ಚು ಜಗಳ ಆಗುವುದು ಇಲ್ಲಿ, ಎಂ 5ಕ್ಕೂ ಎಂ 4ಕ್ಕೂ ನಡುವೆ. ನಿಧಾನವಾಗಿ ನೋಡೋಣ. ಉಗುರಿನ ಪಕ್ಕ ಪೆನ್ನಿನಿಂದ ಒತ್ತಿದರೆ ಕೈ ಹಿಂದಕ್ಕೆ ಹೋಗುತ್ತದೆ. ನೋವಿನ ಜಾಗ ಹುಡುಕಿತೋ, ಸುಮ್ನೆ ಮಡಚಿತೋ, ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೇ ಕತ್ತು ಭುಜ ಸೇರುವಲ್ಲಿನ ಟ್ರೆಪೀಜಿಯಸ್ ಸ್ನಾಯುವನ್ನು ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ ಹಿಡಿದು ಹಿಂಡಬೇಕು. ಒಮ್ಮೆಲೇ ಅಲ್ಲ, ಮೆಲ್ಲಗೆ ಒತ್ತಡ ಹೆಚ್ಚಿಸುತ್ತ, 10 ಸೆಕೆಂಡ್ ಮೀರದಂತೆ. ಕೈ ಕಾಲರ್ ಮೂಳೆಯನ್ನು ದಾಟಿ ಮೇಲೆ ಬಂದರೆ ಎಂ 5. ಮೊಣಕೈ ಬೇಗ ಮಡಚಿ, ಕೈ ಅಲ್ಲಿಗೆ ತಲುಪದೆ ಉಳಿದರೆ ಎಂ 4. ನಿಧಾನವಾಗಿ ಎದೆಯ ಅಡ್ಡ ಬಂದು, ಹೆಬ್ಬೆರಳು ಮುಷ್ಟಿಯೊಳಗೆ ಸೇರಿ, ಕಾಲು ಸೆಟೆದರೆ ಅದು ಎಂ 3. ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜುವ ಹಳೇ ಅಭ್ಯಾಸ ಇನ್ನೂ ಕೆಲವರಿಗಿದೆ. ಅದನ್ನು ಬಿಡಿ. ಚರ್ಮ ಕಂದುತ್ತದೆ, ಪ್ರತಿಕ್ರಿಯೆಯನ್ನು ಅಳೆಯುವುದೂ ಕಷ್ಟ. ಇನ್ನು, ಗೆಳತಿಯ ಮೇಲೆ ಅಭ್ಯಾಸ ಮಾಡುವಾಗ ಜಾಗ ಮುಟ್ಟಿ ತೋರಿಸಿದರೆ ಸಾಕು, ಹಿಂಡಬೇಕಿಲ್ಲ. ರೋಗಿಯ ಪಾತ್ರ ಮಾಡುವವಳ ಕೈಯಲ್ಲಿ ಒಂದು ಕಾರ್ಡ್ ಕೊಟ್ಟಿರುತ್ತೇನೆ, ಕೈ ಎಲ್ಲಿಗೆ ಬರಬೇಕು ಎಂದು ಅದರಲ್ಲಿರುತ್ತದೆ. ಇಲ್ಲದಿದ್ದರೆ ನಾಟಕ ಜಾಸ್ತಿಯಾಗುತ್ತದೆ.

ಎಡಗೈ 4, ಬಲಗೈ 5. ಯಾವುದನ್ನು ಬರೆಯುವುದು? ಸ್ಕೇಲಿಗೆ ಉತ್ತಮವಾದದ್ದು, ಅಂದರೆ 5. ಎಡಗೈ ಸೋತಿರುವುದನ್ನು ಚಾರ್ಟಿನ ಕೈಕಾಲು ಬಲದ ಭಾಗದಲ್ಲಿ ಬೇರೆಯಾಗಿ ಬರೆಯಬೇಕು. ಅದನ್ನು ಬಿಟ್ಟರೆ ಬಹು ಮುಖ್ಯ ಸುಳಿವೇ ಕಳೆದುಹೋಗುತ್ತದೆ. ಈಗ ಇ 2, ವಿ 3, ಎಂ 5. ಒಟ್ಟು 10. ಬಲಗಣ್ಣಿನ ಪಾಪೆ 5 ಮಿಲಿಮೀಟರ್, ಬೆಳಕಿಗೆ ಮಂದ. ಎಡಗಣ್ಣಿನದು 3. ಬಿಪಿ 158ಕ್ಕೆ 84, ನಾಡಿ 58.

ಈ ಚಿತ್ರ ಹೊಂದುತ್ತದೆ. ಬಲಗಿವಿಯ ಮೇಲಿನ ಮೂಳೆ ಬಿರಿದು, ಒಳಗಿನ ಮಿಡಲ್ ಮೆನಿಂಜಿಯಲ್ ರಕ್ತನಾಳ ಹರಿದು, ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ತುಂಬುತ್ತಿದೆ. ಮಿದುಳು ಪಕ್ಕಕ್ಕೆ ಸರಿದು ಬಲಗಣ್ಣಿನ ಮೂರನೇ ನರವನ್ನು ಒತ್ತುತ್ತಿದೆ. ಅದಕ್ಕೇ ಬಲ ಪಾಪೆ ಹಿಗ್ಗಿದೆ, ಎಡಗೈ ಸೋತಿದೆ. ಮೊದಲ ಒಂದು ಗಂಟೆ ಚೆನ್ನಾಗಿ ಮಾತಾಡಿದ್ದೂ ಇಂಥ ರಕ್ತಸ್ರಾವದಲ್ಲಿ ಕಾಣುವಂಥದ್ದೇ.

ವಿದ್ಯಾರ್ಥಿಗಳಿಗೆ ಟಾರ್ಚ್ ಎಂದರೆ ಪ್ರೀತಿ. ಪಾಪೆ ಸಮ ಇದೆಯೆಂದರೆ ಎಲ್ಲ ಸರಿ ಇದೆ ಎಂದುಕೊಳ್ಳುತ್ತಾರೆ. ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿ. 11:30ರವರೆಗೆ ಪಾಪೆಯಲ್ಲಿ ಏನೂ ಬದಲಾವಣೆ ಇರಲಿಲ್ಲ. ಪಾಪೆ ಹಿಗ್ಗಿದ್ದು ಕಂಡದ್ದು 12ಕ್ಕೆ, ಎಚ್ಚರ ಮಾತ್ರ ಅದಕ್ಕೆ ಒಂದು ಗಂಟೆ ಮುಂಚೆಯೇ ಇಳಿಯತೊಡಗಿತ್ತು. ಬಿಪಿ ಏರಿ ನಾಡಿ ನಿಧಾನವಾಗುವುದೂ ತಡವಾಗಿ ಬರುವ ಲಕ್ಷಣ. ಅದಕ್ಕೆ ಕಾದರೆ ಹೊತ್ತು ಮೀರುತ್ತದೆ.

ಇನ್ನೊಂದು ಮಾತು. ಕಣ್ಣು ಊದಿ ಮುಚ್ಚಿದ್ದರೆ, ಗಂಟಲಿಗೆ ಟ್ಯೂಬ್ ಹಾಕಿದ್ದರೆ, 1 ಬರೆಯಬೇಡಿ. ಪರೀಕ್ಷಿಸಲು ಆಗಲಿಲ್ಲ ಎಂದು ಕಾರಣ ಸಮೇತ ಬರೆಯಿರಿ, ಮೊತ್ತ ಹಾಕಬೇಡಿ. ಹಾಗೇ, ಬಾಯಿಂದ ಮದ್ಯದ ವಾಸನೆ ಬಂದ ಮಾತ್ರಕ್ಕೆ ಕಡಿಮೆ ಅಂಕವನ್ನು ಅಮಲಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಕುಡಿದವನೂ ಬಿದ್ದಿರುತ್ತಾನೆ.

ಕೊನೆಗೆ ಎಲ್ಲರಿಂದಲೂ ಫೋನ್ ಮಾಡಿಸುತ್ತೇನೆ. 11:30ರ ಚೀಟಿ ಹಿಡಿದು ಡಾಕ್ಟರಿಗೆ ಹೇಳಬೇಕು. "ಸರ್, ಹುಡುಗ ಯಾಕೋ ಡಲ್ ಆಗಿದ್ದಾನೆ" ಎಂದರೆ ನಾನು ಫೋನ್ ಇಟ್ಟುಬಿಡುತ್ತೇನೆ. ಹೀಗೆ ಹೇಳಬೇಕು: "ಸರ್, ತಲೆಗೆ ಪೆಟ್ಟಾದ 24 ವರ್ಷದ ಹುಡುಗ. 10:30ಕ್ಕೆ ಇ 4, ವಿ 5, ಎಂ 6 ಇತ್ತು. 11ಕ್ಕೆ ಇ 3 ಆಯಿತು. ಈಗ ಇ 3, ವಿ 4, ಎಂ 6. ಚಡಪಡಿಸುತ್ತಿದ್ದಾನೆ, ತಲೆನೋವು ಹೆಚ್ಚಾಗಿದೆ, ಪಾಪೆ ಎರಡೂ 3, ಚುರುಕಾಗಿವೆ. ಸಿಸ್ಟರ್ ಕೂಡ ನೋಡಿದ್ದಾರೆ. ತಕ್ಷಣ ಬನ್ನಿ." ಡ್ಯೂಟಿ ಬದಲಾಗುವಾಗಲೂ ಚಾರ್ಟ್ ಕೈಗಿಟ್ಟು ಹೋಗಬೇಡಿ. ಹೋಗುವವರು ಮತ್ತು ಬಂದವರು ಇಬ್ಬರೂ ಮಂಚದ ಪಕ್ಕ ನಿಂತು ಒಟ್ಟಿಗೆ ಒಮ್ಮೆ ಅಂಕ ಹಾಕಿ. ನಿಮ್ಮ ಎಂ 5 ಅವರಿಗೆ ಎಂ 4 ಆಗಿ ಕಂಡರೆ, ಅದನ್ನು ಆಗಲೇ ಬಗೆಹರಿಸಿಕೊಳ್ಳಿ. ಇಲ್ಲದಿದ್ದರೆ ಅರ್ಧ ಗಂಟೆಯ ನಂತರ ಇಳಿದದ್ದು ರೋಗಿಯ ಸ್ಥಿತಿಯೋ, ನೋಡುವವರು ಬದಲಾದದ್ದಷ್ಟೇ ಕಾರಣವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ನಮಸ್ಕಾರ.