ದಿನವಿಡೀ ಬಿಸಿನೀರು ಕುಡಿಯೋದು: ಚೀಟಿಯಲ್ಲಿ ಬಂದ ಪ್ರಶ್ನೆಗಳು, ನನ್ನ ಉತ್ತರಗಳು

ಎಲ್ರಿಗೂ ನಮಸ್ಕಾರ. ಬಡಾವಣೆ ಸಂಘದೋರು ಆರೋಗ್ಯದ ಬಗ್ಗೆ ಏನಾದ್ರೂ ಮಾತಾಡಿ ಅಂದ್ರು, ವಿಷಯ ನೀವೇ ಆರಿಸಿ ಅಂತ ನಾನಂದೆ, ಚೀಟಿ ತೆಗೆದು ನೋಡಿದ್ರೆ ಅರ್ಧಕ್ಕರ್ಧ ಬಿಸಿನೀರಿನ ಬಗ್ಗೇನೇ ಇದಾವೆ. ಆಶ್ಚರ್ಯ ಏನಿಲ್ಲ ಬಿಡಿ. 2020ರಲ್ಲಿ ಕೋವಿಡ್ ಬಂದಾಗ ಆಯುಷ್ ಸಚಿವಾಲಯದೋರು ದಿನಪೂರ್ತಿ ಬಿಸಿನೀರು ಕುಡೀರಿ ಅಂತ ಸಲಹೆ ಕೊಟ್ರು, ಅವತ್ತು ಕೈಗೆ ಬಂದ ಫ್ಲಾಸ್ಕ್ ಎಷ್ಟೋ ಮನೇಲಿ ಇನ್ನೂ ಕೆಳಗಿಳಿದಿಲ್ಲ. ಹಾಗಾಗಿ ಬೇರೆ ವಿಷಯ ಬೇಡ, ಇದನ್ನೇ ಮಾತಾಡೋಣ.

ಮೊದಲ್ನೇ ಚೀಟಿ. "ಡಾಕ್ಟ್ರೇ, ಬಿಸಿನೀರು ಕುಡಿದ್ರೆ ಗಂಟಲಲ್ಲಿರೋ ವೈರಸ್ ಸಾಯುತ್ತಾ, ಅಥವಾ ಹೊಟ್ಟೆಗೆ ಇಳಿದುಹೋಗುತ್ತಾ?"

ಎರಡೂ ಇಲ್ಲ. ವೈರಸ್ಸು ಗಂಟಲಿನ ಗೋಡೆ ಮೇಲೆ ಧೂಳಿನ ಥರ ಕೂತಿರಲ್ಲ, ಜೀವಕೋಶದ ಒಳಗಡೆ ಸೇರ್ಕೊಂಡಿರುತ್ತೆ, ಮೂಗಿನ ಹಿಂಭಾಗದಲ್ಲೂ ಇರುತ್ತೆ, ಅಲ್ಲಿಗೆ ನೀವು ಕುಡಿಯೋ ನೀರು ಮುಟ್ಟೋದೇ ಇಲ್ಲ. ಗಂಟಲಲ್ಲಿ ನೀರು ನಿಲ್ಲೋದು ಒಂದೆರಡು ಸೆಕೆಂಡು, ಅಷ್ಟರಲ್ಲಿ ಅದನ್ನ ಸಾಯಿಸುವಷ್ಟು ಬಿಸಿ ಇದ್ರೆ ಮೊದಲು ಸುಟ್ಟುಹೋಗೋದು ನಿಮ್ಮ ಗಂಟಲೇ.

ಹಾಗಂತ ಬಿಸಿನೀರು ವೇಸ್ಟ್ ಅಂತ ನಾನು ಹೇಳ್ತಿಲ್ಲ. ಇದನ್ನ ಪರೀಕ್ಷೆ ಮಾಡಿ ನೋಡಿದಾರೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನೆಗಡಿ ಬಗ್ಗೇನೇ ಸಂಶೋಧನೆ ಮಾಡೋ ಒಂದು ಕೇಂದ್ರ ಇತ್ತು, 2008ರಲ್ಲಿ ಅವರು ನೆಗಡಿಯಾದ 30 ಜನಕ್ಕೆ ಒಂದೇ ಹಣ್ಣಿನ ಪಾನಕವನ್ನ ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ತಣ್ಣಗೆ ಅಂದ್ರೆ ರೂಮ್ ಟೆಂಪರೇಚರಲ್ಲಿ ಕೊಟ್ಟು ನೋಡಿದ್ರು. ತಣ್ಣಗಿರೋದು ಕುಡಿದೋರಿಗೂ ಮೂಗು ಸೋರೋದು, ಸೀನು, ಕೆಮ್ಮು ಸ್ವಲ್ಪ ಕಡಿಮೆ ಆಯ್ತು. ಬಿಸಿ ಕುಡಿದೋರಿಗೆ ಅದರ ಜೊತೆಗೆ ಗಂಟಲು ನೋವು, ಚಳಿ, ಸುಸ್ತೂ ಇಳೀತು. ಆದ್ರೆ ಮೂಗಿನೊಳಗೆ ಗಾಳಿ ಎಷ್ಟು ಓಡಾಡ್ತಿದೆ ಅಂತ ಮೆಷಿನ್ ಇಟ್ಟು ಅಳೆದ್ರೆ ಏನೂ ವ್ಯತ್ಯಾಸ ಇಲ್ಲ! ಅಂದ್ರೆ ಆರಾಮ ನಿಜ, ಕಾಯಿಲೆ ಮಾತ್ರ ಅದರ ಪಾಡಿಗೆ ಇದ್ದೇ ಇರುತ್ತೆ.

ಅದಕ್ಕಿಂತ ಹಳೇದು 1978ರದ್ದು ಇನ್ನೊಂದಿದೆ, ಬಿಸಿನೀರು ಗುಟುಕು ಗುಟುಕಾಗಿ ಕುಡಿದಾಗ ಮೂಗಿನ ಸಿಂಬಳ ಎಷ್ಟು ಬೇಗ ಸರಿಯುತ್ತೆ ಅಂತ ಅಳೆದಿದ್ರು. ವೇಗ ಜಾಸ್ತಿ ಆಯ್ತು, ಆದ್ರೆ ಅರ್ಧ ಗಂಟೇಲಿ ಮತ್ತೆ ಮೊದಲಿನಂಗೇ. ನೀವು ಫ್ಲಾಸ್ಕ್ ಪಕ್ಕದಲ್ಲಿಟ್ಕೊಂಡು ಅರ್ಧರ್ಧ ಗಂಟೆಗೆ ಕುಡಿಯೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ, ಅದರ ಪವರ್ರೇ ಅಷ್ಟು ಹೊತ್ತಿನದ್ದು. ಅಂದಹಾಗೆ ಬರೀ ನೀರಿಗಿಂತ ಚೂರು ರುಚಿ ಇದ್ರೆ ಬಾಯಲ್ಲಿ ಜೊಲ್ಲು ಜಾಸ್ತಿ ಬರುತ್ತೆ, ಅದು ಗಂಟಲಿಗೆ ಹಿತ. ನಮ್ಮ ಅಜ್ಜಿಯಂದಿರು ಜೀರಿಗೆ, ಕಾಳುಮೆಣಸು, ಬೆಲ್ಲ ಹಾಕಿ ಕಷಾಯ ಮಾಡ್ತಿದ್ದಿದ್ದು ಸುಮ್ನೆ ಅಲ್ಲ.

ಎರಡ್ನೇ ಪ್ರಶ್ನೆ, "ಎಷ್ಟು ಬಿಸಿ ಇರ್ಬೇಕು?" ಇದನ್ನ ಒಬ್ರೇ ಕೇಳಿರೋದು, ನನ್ನ ಪ್ರಕಾರ ಎಲ್ರೂ ಕೇಳ್ಬೇಕಾದ ಪ್ರಶ್ನೆ ಇದು.

ಇಲ್ನೋಡಿ, ಈ ಫ್ಲಾಸ್ಕಿಗೆ ಬೆಳಗ್ಗೆ ಕುದಿಯೋ ನೀರು ಹಾಕ್ಕೊಂಡು ಬಂದಿದೀನಿ. ಅಡುಗೆಮನೆ ಥರ್ಮಾಮೀಟರ್ ಅದ್ದುತೀನಿ... 79 ತೋರಿಸ್ತಿದೆ. ಗಂಟೆಗಟ್ಲೆ ಆದಮೇಲೂ 79! ಈಗ ಈ ಸ್ಟೀಲ್ ಲೋಟಕ್ಕೆ ಬಗ್ಗಿಸ್ತೀನಿ, 71ಕ್ಕೆ ಬಂತು. ಹಲವರು ಇದನ್ನ ಹೀಗೇ ಊದಿ ಊದಿ ಕುಡೀತಾರೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ, 65 ಡಿಗ್ರಿಗಿಂತ ಬಿಸಿ ಇರೋ ಯಾವ ಪಾನೀಯನೂ ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗೋ ಸಾಧ್ಯತೆ ಇದೆ ಅನ್ನೋ ಗುಂಪಿಗೆ ಸೇರಿಸ್ತು. ಟೀ, ಕಾಫಿ, ನೀರು ಅಂತ ಭೇದ ಇಲ್ಲ, ತೊಂದ್ರೆ ಬಿಸೀದು. ಇರಾನಿನ ಗೊಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50 ಸಾವಿರ ಜನರನ್ನ ವರ್ಷಗಟ್ಲೆ ಗಮನಿಸಿದ್ರು, ಅಲ್ಲಿ ಸುಡು ಸುಡು ಟೀ ಕುಡಿಯೋ ಅಭ್ಯಾಸ. 60 ಡಿಗ್ರಿ ಅಥವಾ ಅದಕ್ಕೂ ಬಿಸಿಯಾಗಿ ದಿನಕ್ಕೆ 700 ಎಂಎಲ್‌ಗಿಂತ ಜಾಸ್ತಿ ಕುಡಿಯೋರಿಗೆ ಈ ಕ್ಯಾನ್ಸರ್ ಬರೋ ಸಂಭವ ಹೆಚ್ಚುಕಮ್ಮಿ ಎರಡು ಪಟ್ಟಿನ ಹತ್ತಿರ ಇತ್ತು. ಹೆದರಿಸ್ತಿಲ್ಲ, ಒಟ್ಟಾರೆ ಈ ಕಾಯಿಲೆ ಬರೋರು ಕಮ್ಮೀನೇ, ಸಿಗರೇಟು, ತಂಬಾಕು, ಕುಡಿತದ ಪಾಲು ದೊಡ್ಡದು. ಆದ್ರೆ ನೀವು ದಿನವಿಡೀ ಗುಟುಕರಿಸೋ ಬಿಸಿನೀರು 700 ಎಂಎಲ್ ಎಲ್ಲಿ, ಎರಡು ಲೀಟರ್ ದಾಟುತ್ತೆ.

ಥರ್ಮಾಮೀಟರ್ ಇಲ್ದೋರು ಏನ್ಮಾಡ್ಬೇಕು ಅಂದ್ರೆ, ಒಂದು ಪಾಲು ಕುದ್ದ ನೀರಿಗೆ ಒಂದು ಪಾಲು ಕುದಿಸಿ ಆರಿಸಿದ ನೀರು ಬೆರೆಸಿದ್ರೆ ಸುಮಾರು 60 ಆಗುತ್ತೆ, ಇನ್ನೂ ಜಾಸ್ತೀನೇ. ಎರಡು ಪಾಲು ಆರಿದ ನೀರು ಹಾಕಿ, 50ರ ಆಸುಪಾಸಿಗೆ ಬರುತ್ತೆ, ಅದು ಸರಿ. ಊದದೇ, ಸುರ್ ಅಂತ ಗಾಳಿ ಎಳೆದುಕೊಳ್ಳದೇ ಒಂದು ತುಂಬು ಗುಟುಕು ಕುಡಿಯೋಕೆ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಇನ್ನೂ ಬಿಸಿ ಇದೆ ಅಂತಾನೇ ಅರ್ಥ.

ಮುಂದಿಂದು ತೂಕ. "ಬೆಳಗ್ಗೆ ಖಾಲಿ ಹೊಟ್ಟೇಲಿ ಬಿಸಿನೀರು ಕುಡಿದ್ರೆ ಕೊಬ್ಬು ಕರಗುತ್ತೆ ಅಂತಾರೆ, ನನ್ನ ಫ್ರೆಂಡ್ ಒಂದೇ ತಿಂಗಳಲ್ಲಿ ತೂಕ ಇಳಿಸ್ಕೊಂಡ್ರು."

ಬಾಣಲೇಲಿ ತುಪ್ಪ ಕರಗೋ ಹಾಗೆ ಹೊಟ್ಟೇಲಿ ಕೊಬ್ಬು ಕರಗುತ್ತೆ ಅಂತ ಮನಸ್ಸಲ್ಲಿ ಕೂತುಬಿಟ್ಟಿದೆ. ಆದ್ರೆ ಕುಡಿದ ನೀರು ಹೋಗೋದು ಕರುಳಿಗೆ, ಅಲ್ಲಿಂದ ರಕ್ತಕ್ಕೆ, ಅಷ್ಟೊತ್ತಿಗೆ ಅದು ಮೈ ಬಿಸಿಗೆ, ಅಂದ್ರೆ 37 ಡಿಗ್ರಿಗೆ ಬಂದಿರುತ್ತೆ. ಲೆಕ್ಕ ಹಾಕಿದ್ರೆ ತಮಾಷೆಯಾಗಿದೆ, ತಣ್ಣೀರು ಕುಡಿದ್ರೆ ಅದನ್ನ ಬೆಚ್ಚಗೆ ಮಾಡೋಕೆ ಮೈ ಒಂಚೂರು ಶಕ್ತಿ ಖರ್ಚು ಮಾಡ್ಬೇಕು, ಅರ್ಧ ಲೀಟರಿಗೆ 7-8 ಕ್ಯಾಲೊರಿ, ಬಿಸಿನೀರಿಗೆ ಅದೂ ಇಲ್ಲ. ಒಂದು ಸಣ್ಣ ಇಡ್ಲೀಲೇ 40-50 ಕ್ಯಾಲೊರಿ ಇರುತ್ತೆ.

ಹಾಗಾದ್ರೆ ಆ ಫ್ರೆಂಡ್ ಇಳಿದಿದ್ದು ಹೇಗೆ? ಇಂಥದ್ದೇ ಒಬ್ರು ನನ್ನ ಹತ್ರ ಬಂದಿದ್ರು, ಆಫೀಸಲ್ಲಿ ಕೂತು ಕೆಲಸ ಮಾಡೋರು, "ಸಾರ್ ಬಿಸಿನೀರಲ್ಲೇ ಒಂದು ಕೆಜಿ ಇಳಿಸ್ದೆ" ಅಂತ ಖುಷಿಯಾಗಿ ಹೇಳಿದ್ರು. ಮೊದಲು ಆ ಹೊತ್ತಲ್ಲಿ ಏನು ಕುಡೀತಿದ್ರಿ ಅಂತ ಕೇಳ್ದೆ. ಆಫೀಸ್ ಟೀ, ದಿನಕ್ಕೆ ಮೂರು ಸಲ. ಕೈಗೆ ಏನಾದ್ರೂ ಬೇಕಲ್ಲ ಅಂತ ಅದರ ಜಾಗದಲ್ಲಿ ಈಗ ಬಿಸಿನೀರಿನ ಲೋಟ. ಎರಡು ಚಮಚ ಸಕ್ಕರೆ, ಅರ್ಧ ಲೋಟ ಗಟ್ಟಿ ಹಾಲು ಹಾಕಿದ ಟೀಗೆ ಸುಮಾರು 100 ಕ್ಯಾಲೊರಿ ಹಿಡೀರಿ. ಮೂರಕ್ಕೆ 300, ತಿಂಗಳಿಗೆ 9000. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7700 ಕ್ಯಾಲೊರಿ. ಲೆಕ್ಕ ತಾಳೆ ಆಯ್ತಲ್ಲ! ಇಳಿಸಿದ್ದು ಬಿಸಿನೀರಲ್ಲ, ನಿಲ್ಲಿಸಿದ ಟೀ. ಅದೇ ನೀವು ಟೀನೂ ಬಿಡದೇ, ಬಿಸಿನೀರಿಗೆ ಒಂದು ದೊಡ್ಡ ಚಮಚ ಜೇನುತುಪ್ಪ ಹಾಕ್ಕೊಂಡ್ರೆ ಇನ್ನೂ 60 ಕ್ಯಾಲೊರಿ ಸೇರಿಸಿದಂಗೆ.

ಊಟಕ್ಕೆ ಮುಂಚೆ ನೀರು ಕುಡಿಯೋದ್ರಲ್ಲಿ ಮಾತ್ರ ಸ್ವಲ್ಪ ಸತ್ಯ ಇದೆ. 2010ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಡಯಟ್ ಮಾಡ್ತಿದ್ದ 55 ದಾಟಿದೋರಿಗೆ ಪ್ರತಿ ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು ಕುಡಿಸಿ 12 ವಾರ ನೋಡಿದ್ರು, ನೀರಿಲ್ಲದೆ ಬರೀ ಡಯಟ್ ಮಾಡಿದೋರಿಗಿಂತ ಸುಮಾರು 2 ಕೆಜಿ ಜಾಸ್ತಿ ಇಳಿದ್ರು. ಅದು ಸಾದಾ ನೀರು, ಬಿಸಿಯಲ್ಲ, ಹೊಟ್ಟೆ ತುಂಬಿ ಕಮ್ಮಿ ತಿಂತಾರೆ ಅಷ್ಟೆ.

ಇದು ಹಿಂದಿನ ಸಾಲಿಂದ ಒಬ್ರು ಅಮ್ಮ ಬರೆದಿರೋದು. "ಎರಡು ತಿಂಗಳಿಂದ ಕೆಮ್ಮು, ಬಿಸಿನೀರು ಕುಡಿದಾಗ ನಿಲ್ಲುತ್ತೆ, ಆಮೇಲೆ ಮತ್ತೆ ಶುರು. ಇನ್ನೂ ಎಷ್ಟು ದಿನ ಕುಡೀಬೇಕು?"

ಅಮ್ಮ, ಕುಡಿಯೋದನ್ನ ನಿಲ್ಲಿಸ್ಬೇಡಿ, ಆದ್ರೆ ಕಾಯೋದನ್ನ ನಿಲ್ಲಿಸಿ. ಬಿಸಿನೀರಿಂದ ನನಗಿರೋ ದೊಡ್ಡ ತಕರಾರು ಇದೇನೇ, ಪ್ರತಿ ಸಲ ಒಂದಿಷ್ಟು ಆರಾಮ ಕೊಡುತ್ತಲ್ಲ, ಆ ಆರಾಮದಲ್ಲೇ ಜನ ತಿಂಗಳು ದೂಡಿಬಿಡ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ನಮ್ಮ ದೇಶದಲ್ಲಿ ಮೊದಲು ಕಫ ಪರೀಕ್ಷೆ, ಟಿಬಿ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು, ಸರ್ಕಾರಿ ಆಸ್ಪತ್ರೇಲಿ ಫ್ರೀಯಾಗಿ ಆಗುತ್ತೆ. ನನ್ನ ಹತ್ರ ಬರೋ ಒಬ್ರು ಹೆಂಗಸಿಗೆ ಹಿಂಗೇ ಆಗಿತ್ತು. ಒಣ ಕೆಮ್ಮು, ಗಂಟಲಲ್ಲಿ ಕೆರೆತ, ರಾತ್ರಿ ಎದ್ದು ಕೂತು ಬಿಸಿನೀರು. ಕಫ ಬರ್ತಾನೇ ಇರ್ಲಿಲ್ಲ, ಎಕ್ಸ್‌ರೇ ನಾರ್ಮಲ್, ಜ್ವರ ಇಲ್ಲ, ತೂಕ ಇಳಿದಿಲ್ಲ, ಉಬ್ಬಸ ಇಲ್ಲ, ಎದೆಯುರಿ ಇಲ್ಲ. ಮಾತ್ರೆಗಳ ಕವರ್ ತಂದು ಟೇಬಲ್ ಮೇಲೆ ಸುರೀರಿ ಅಂದೆ. ಅದರಲ್ಲಿ ಬಿಪಿಗೆ ರಾಮಿಪ್ರಿಲ್ ಇತ್ತು, ಕೆಮ್ಮು ಶುರುವಾಗೋ ಸ್ವಲ್ಪ ಮುಂಚೆ ಬದಲಾಯಿಸಿದ್ದು. ಆ ಜಾತಿಯ ಮಾತ್ರೆ, ಎನಾಲಾಪ್ರಿಲ್ಲೂ ಸೇರಿ, ಕೆಲವರಿಗೆ ಒಣ ಕೆಮ್ಮು ತರುತ್ತೆ. ಬೇರೆ ಜಾತಿಯ ಬಿಪಿ ಮಾತ್ರೆ ಕೊಟ್ಮೇಲೆ ಕೆಲವು ವಾರದಲ್ಲಿ ಕೆಮ್ಮು ಹೋಯ್ತು. ಹಾಗಂತ ಇವತ್ತು ಮನೆಗೆ ಹೋಗಿ ನೀವೇ ಬಿಪಿ ಮಾತ್ರೆ ನಿಲ್ಲಿಸ್ಬೇಡಿ, ಕೊಟ್ಟ ಡಾಕ್ಟರನ್ನ ಕೇಳಿ.

ಕೆಮ್ಮಲ್ಲಿ ರಕ್ತ, ಉಸಿರು ಕಟ್ಟೋದು ಇದ್ರೆ ಎರಡು ವಾರ ಅಂತೆಲ್ಲ ಕಾಯ್ಬೇಡಿ, ಅವತ್ತೇ ಹೋಗಿ. ಗಂಟಲು ನೋವಲ್ಲಿ ಬಾಯಿ ತೆರೆಯೋಕೆ ಆಗ್ತಿಲ್ಲ, ಜೊಲ್ಲೂ ನುಂಗೋಕೆ ಆಗ್ತಿಲ್ಲ ಅಂದ್ರೂ ಅಷ್ಟೇ. ಮಕ್ಕಳಿಗೆ ಜೋರು ಜ್ವರ, ಗಂಟಲು ನೋವು, ಕೆಮ್ಮು ನೆಗಡಿ ಮಾತ್ರ ಇಲ್ಲ ಅಂದ್ರೆ ಅದು ಬ್ಯಾಕ್ಟೀರಿಯಾ ಇರಬಹುದು, ಚಿಕಿತ್ಸೆ ಕೊಡಿಸದೇ ಬಿಟ್ರೆ ಕೆಲವು ಮಕ್ಕಳಲ್ಲಿ ಮುಂದೆ ಹೃದಯದ ಕವಾಟಕ್ಕೆ ಪೆಟ್ಟು ಬೀಳುತ್ತೆ, ತೋರಿಸ್ಬೇಕು.

"ನಮ್ಮ ಮಾವನವರಿಗೆ 76, ದಿನಕ್ಕೆ ನಾಲ್ಕು ಲೀಟರ್ ಬಿಸಿನೀರು ಕುಡೀತಾರೆ, ಊಟ ಸೇರಲ್ಲ." ಇದು ಸ್ವಲ್ಪ ಸೀರಿಯಸ್. ನೀರನ್ನ ಹೊರಗೆ ಹಾಕೋಕೆ ಕಿಡ್ನಿಗೆ ಊಟದಿಂದ ಬರೋ ಉಪ್ಪು, ಪ್ರೋಟೀನ್ ಬೇಕು. ಬರೀ ಗಂಜಿ, ಬ್ರೆಡ್ ತಿಂದ್ಕೊಂಡು ಲೀಟರ್‌ಗಟ್ಲೆ ನೀರು ಕುಡಿದ್ರೆ, ಅದರ ಮೇಲೆ ಬಿಪಿಗೆ ಅಂತ ಮೂತ್ರ ಜಾಸ್ತಿ ಹೋಗೋ ಮಾತ್ರೆ ಇದ್ರಂತೂ, ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತೆ. ತಲೆನೋವು, ವಾಕರಿಕೆ, ನಡೆಯುವಾಗ ತೂರಾಡೋದು, ಮಾತು ಗೊಂದಲ ಆಗೋದು. ಮನೆಯೋರು ವಯಸ್ಸಾಯ್ತು ಅನ್ಕೋತಾರೆ. ಒಂದು ಸೋಡಿಯಂ ಟೆಸ್ಟ್ ಮಾಡಿಸಿ. ಹಾರ್ಟ್ ಫೇಲ್ಯೂರ್, ಕಿಡ್ನಿ ತೊಂದ್ರೆ ಇರೋರಿಗೆ ಡಾಕ್ಟರು ನೀರಿನ ಅಳತೆ ಹೇಳಿದ್ರೆ, ಬಿಸಿನೀರೂ ಅದೇ ಲೆಕ್ಕಕ್ಕೆ ಬರುತ್ತೆ.

ಮಗುವಿಗೆ ಎಂಟು ತಿಂಗಳು, ಕೆಮ್ಮಿಗೆ ಬಿಸಿನೀರಲ್ಲಿ ಜೇನು ಕೊಡಬಹುದಾ ಅಂತ ಒಂದು ಚೀಟಿ. ಒಂದು ವರ್ಷದ ಒಳಗೆ ಜೇನುತುಪ್ಪ ಖಂಡಿತ ಬೇಡ, ನಾಲಿಗೆಗೆ ಹಚ್ಚೋದೂ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಮಗುವಿನ ನರಗಳೇ ಸೋತುಹೋಗೋ ಕಾಯಿಲೆ ಬರಬಹುದು. ವರ್ಷ ದಾಟಿದ ಮಕ್ಕಳಿಗೆ ಅರ್ಧ ಚಮಚ ಜೇನು ರಾತ್ರಿ ಕೆಮ್ಮಿಗೆ ಒಳ್ಳೇದೇ. ಆರು ತಿಂಗಳ ಒಳಗಿನ ಕೂಸಿಗೆ ಬಿಸಿನೀರಾಗಲಿ ತಣ್ಣೀರಾಗಲಿ ನೀರೇ ಬೇಡ, ತಾಯಿ ಹಾಲು ಸಾಕು.

ಕೊನೇದು, "ಗೀಸರ್ ನೀರನ್ನೇ ನಲ್ಲಿಯಿಂದ ಹಿಡ್ಕೊಂಡು ಕುಡಿಯಬಹುದಾ, ಗ್ಯಾಸ್ ಉಳಿಯುತ್ತೆ." ಉಳಿಸೋಕೆ ಬೇರೆ ದಾರಿ ನೋಡಿ ಸ್ವಾಮಿ. ಆ ಟ್ಯಾಂಕ್ ಒಳಗೆ ತುಕ್ಕು, ಸುಣ್ಣದ ಗಸಿ ಕೂತಿರುತ್ತೆ, ಬಿಸಿನೀರು ಪೈಪಿಂದ ಲೋಹವನ್ನೂ ಜಾಸ್ತಿ ಬಿಡಿಸ್ಕೊಂಡು ಬರುತ್ತೆ. ಕುಡಿಯೋ ನೀರನ್ನ ಪಾತ್ರೇಲೇ ಕಾಯಿಸಿ.