ಎಲ್ಲರೂ ಶ್ರುತಿಯಲ್ಲೇ ಇದ್ದಾರೆ, ಆದರೂ ಹಾಡು ಒಡೆದಂತೆ ಯಾಕೆ ಕೇಳುತ್ತದೆ?

[ಆಡಿಯೋ: ಮಕ್ಕಳ ಗಾಯನ, 12 ಸೆಕೆಂಡು]

ಕೇಳಿದಿರಲ್ಲ? ಕೊನೆಯ ಸ್ವರ ಇನ್ನೊಮ್ಮೆ ಹಾಕುತ್ತೇನೆ, ಬರೀ ಕೊನೆಯದು.

[ಆಡಿಯೋ: ಕೊನೆಯ ಸ್ವರ, 3 ಸೆಕೆಂಡು]

ನಮಸ್ಕಾರ. ಈ ರೆಕಾರ್ಡಿಂಗ್ ಕಳಿಸಿದವರು ಮುಳ್ಳೇರಿಯ ಕಡೆಯ ಒಬ್ಬರು ಟೀಚರ್. ಪ್ಲಸ್ ವನ್, ಪ್ಲಸ್ ಟು ಮಕ್ಕಳ ಗಾಯನವೃಂದ, ಒಟ್ಟು 24 ಮಂದಿ. ಅವರ ಪ್ರಶ್ನೆ ಇಷ್ಟೇ: "ಒಬ್ಬೊಬ್ಬರನ್ನೇ ಹಾಡಿಸಿದರೆ ಯಾರೂ ಶ್ರುತಿ ತಪ್ಪುವುದಿಲ್ಲ. ಒಟ್ಟಿಗೆ ಹಾಡಿದರೆ ಮಾತ್ರ ಗಾಜು ಬಿರುಕು ಬಿಟ್ಟ ಹಾಗೆ ಕೇಳುತ್ತದೆ. ಯಾಕೆ?"

ನನಗೆ ತಡೆಯಲಾಗಲಿಲ್ಲ, ಎರಡು ಶನಿವಾರ ಅಲ್ಲಿಗೇ ಹೋಗಿ ಕೂತೆ.

ಮೊದಲು ಭಾಗಗಳ ವಿಷಯ ಬೇಗ ಮುಗಿಸುತ್ತೇನೆ. ಹುಡುಗಿಯರಲ್ಲಿ ಮೇಲಿನ ಸ್ವರ ಹಾಡುವವರು ಸೊಪ್ರಾನೊ, ಕೆಳಗಿನದು ಆಲ್ಟೊ. ಹುಡುಗರಲ್ಲಿ ಮೇಲಿನದು ಟೆನರ್, ಕೆಳಗಿನದು ಬೇಸ್. ಇಲ್ಲಿ 9 ಸೊಪ್ರಾನೊ, 7 ಆಲ್ಟೊ, 3 ಟೆನರ್, 5 ಬೇಸ್. ಟೆನರ್ ಕಡಿಮೆ ಯಾಕೆ ಅಂದರೆ, ಈ ವಯಸ್ಸಿನ ಹೆಚ್ಚಿನ ಹುಡುಗರ ಗಂಟಲು ಒಡೆದು ತುಂಬ ದಿನ ಆಗಿರುವುದಿಲ್ಲ, ಕೀಬೋರ್ಡಿನ ಮಧ್ಯದ ಸಿ ದಾಟಿ ಮೇಲೆ ಹೋದರೆ ಗಂಟಲು ಬಿಗಿಯುತ್ತದೆ. ಎಲ್ಲ ಶಾಲೆಯ ಕಥೆಯೂ ಹೆಚ್ಚುಕಡಿಮೆ ಇದೇ.

ಈಗ ಆ ಕೊನೆಯ ಸ್ವರಕ್ಕೆ ಬರೋಣ. ಹಾಡು ಮಕ್ಕಳೇ ಕಟ್ಟಿದ್ದು, ಆ ಸಾಲು ಮುಗಿಯುವುದು "ನಾಡು" ಅನ್ನುವ ಪದದಲ್ಲಿ. "ಡು" ಮೇಲೆ ನಾಲ್ಕು ಎಣಿಕೆ ನಿಲ್ಲಬೇಕು. ನಾನು ಸೊಪ್ರಾನೊದ ಒಂಬತ್ತೂ ಹುಡುಗಿಯರಿಂದ ಆ ಒಂದು ಸ್ವರವನ್ನು ಬೇರೆಬೇರೆಯಾಗಿ ಹಾಡಿಸಿ, ಫೋನಿನ ಟ್ಯೂನರ್ ಆ್ಯಪ್ ಇಟ್ಟು ನೋಡಿದೆ. ಒಂಬತ್ತು ಸಲವೂ ಮುಳ್ಳು ನಡುವಲ್ಲೇ ನಿಂತಿತು. ಟೀಚರ್ ಹೇಳಿದ್ದು ಸರಿಯೇ. ಆಮೇಲೆ ಫೋನ್ ಕೆಳಗಿಟ್ಟು, ಮಕ್ಕಳ ಬಾಯಿ ನೋಡುತ್ತಾ ಕೂತೆ.

ಅಲ್ಲಿತ್ತು ಉತ್ತರ. ನಾಲ್ಕು ಮಂದಿಯ ತುಟಿ ದುಂಡಗೆ ಮುಂದೆ ಬಂದಿತ್ತು. ಐದು ಮಂದಿಯದ್ದು ನಗುವಾಗ ಇರುವ ಹಾಗೆ ಅಗಲವಾಗಿ, ಹಲ್ಲಿಗೆ ಅಂಟಿಕೊಂಡಿತ್ತು.

ಇದು ನಮ್ಮ ಕಾಸರಗೋಡಿನದೇ ವಿಷಯ, ಅದಕ್ಕೇ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ಆ ಕ್ಲಾಸಿನಲ್ಲಿ ಮನೆಯಲ್ಲಿ ತುಳು ಮಾತಾಡುವವರಿದ್ದಾರೆ, ಮಲಯಾಳ ಮಾತಾಡುವವರಿದ್ದಾರೆ, ಹವ್ಯಕ, ಕೊಂಕಣಿ, ಮರಾಠಿಯವರೂ ಇದ್ದಾರೆ. ತುಳುವಿನಲ್ಲೂ ಮಲಯಾಳದಲ್ಲೂ ಪದದ ಕೊನೆಗೆ ಒಂದು ಅರ್ಧ ಉಕಾರ ಉಂಟು. ಮಲಯಾಳದಲ್ಲಿ ಅದಕ್ಕೆ ಸಂವೃತೋಕಾರ ಅಂತ ಹೆಸರು, ಬರೆಯುವಾಗ ಅಕ್ಷರದ ಮೇಲೆ ಚಂದ್ರಕ್ಕಲ ಹಾಕುತ್ತಾರೆ. ಆ ಉಕಾರಕ್ಕೆ ತುಟಿ ದುಂಡಗೆ ಮಾಡುವುದಿಲ್ಲ. ಮಾತಾಡುವಾಗ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಹಾಗಾಗಿ ಆ ಮಕ್ಕಳು ಕನ್ನಡದ "ನಾಡು" ಹೇಳಿದಾಗಲೂ ವ್ಯತ್ಯಾಸ ಯಾರ ಕಿವಿಗೂ ಬೀಳುವುದಿಲ್ಲ. ಆದರೆ ಹಾಡಿನಲ್ಲಿ ಅದೇ ಉಕಾರವನ್ನು ನಾಲ್ಕು ಎಣಿಕೆ ಎಳೆಯಬೇಕಲ್ವಾ? ಆಗ ಅದು ಎದ್ದು ಕಾಣುತ್ತದೆ.

ಇದಕ್ಕೂ ಶ್ರುತಿಗೂ ಏನು ಸಂಬಂಧ? ತುಟಿ ದುಂಡಗೆ ಮುಂದೆ ಬಂದರೆ ಬಾಯಿಯ ಕೊಳವೆ ಉದ್ದವಾಗುತ್ತದೆ, ಬಾಯಿ ಕಿರಿದಾಗುತ್ತದೆ, ದನಿ ಗಾಢವಾಗುತ್ತದೆ. ತುಟಿ ಅಗಲವಾದರೆ ದನಿಗೆ ಹೊಳಪು ಬರುತ್ತದೆ. ಹೊಳಪಿನ ದನಿ ನಮ್ಮ ಕಿವಿಗೆ ಒಂದು ಎಳೆ ಮೇಲಿದ್ದಂತೆ ಕೇಳುತ್ತದೆ, ಗಾಢ ದನಿ ಒಂದು ಎಳೆ ಕೆಳಗಿದ್ದಂತೆ. ಸ್ವರ ಒಂದೇ, ಟ್ಯೂನರ್ ಒಂದೇ ತೋರಿಸುತ್ತದೆ, ಆದರೆ ಕೇಳುವವನಿಗೆ ಎರಡು ಗುಂಪು ಎರಡು ಕಡೆ ಎಳೆದ ಹಾಗೆ ಅನಿಸುತ್ತದೆ. ಆ ಗಾಜಿನ ಬಿರುಕು ಇದೇ.

ನಾವು ಮಾಡಿದ್ದು ತೀರಾ ಸಣ್ಣ ಕೆಲಸ. "ಒಲೆ ಊದುವಾಗ ತುಟಿ ಹೇಗಿರುತ್ತದೆ, ಹಾಗೆ ಇಡಿ" ಅಂದೆವು. ಎದುರುಬದುರು ಇಬ್ಬಿಬ್ಬರನ್ನು ನಿಲ್ಲಿಸಿ, ಒಬ್ಬರ ತುಟಿ ಇನ್ನೊಬ್ಬರು ನೋಡುತ್ತಾ "ನಾಡೂ" ಅಂತ ಎಳೆಯಲು ಹೇಳಿದೆವು. ಹತ್ತು ನಿಮಿಷ ಸಾಕಾಯಿತು. ಒಂದು ಎಚ್ಚರ ಮಾತ್ರ ಬೇಕು: ಯಾವ ಮಗುವಿಗೂ "ನಿನ್ನ ಉಚ್ಚಾರ ತಪ್ಪು" ಅನ್ನಬೇಡಿ. ಮನೆಮಾತಿನಲ್ಲಿ ಅದು ಸರಿಯಾದ ಉಚ್ಚಾರವೇ. ಹಾಡಿಗೆ ಎಲ್ಲರೂ ತುಟಿಯ ಒಂದೇ ಆಕಾರ ಒಪ್ಪಿಕೊಳ್ಳಬೇಕು, ಅಷ್ಟೇ.

[ಚಿತ್ರ: ಹಳೆಯ ಕೂರುವ ಕ್ರಮ]

ಈಗ ಕೂರುವ ವಿಷಯ. ಮೊದಲು ಹೀಗೆ ಕೂತಿದ್ದರು: ಅಸೆಂಬ್ಲಿಯಲ್ಲಿ ನಿಲ್ಲುವ ಹಾಗೆ ಹುಡುಗಿಯರು ಒಂದು ಕಡೆ, ಹುಡುಗರು ಇನ್ನೊಂದು ಕಡೆ. ಐದು ಬೆಂಚು, ನಾಲ್ಕರಲ್ಲಿ ಐದೈದು ಮಂದಿ, ಒಂದರಲ್ಲಿ ನಾಲ್ಕು. ಬೆಂಚಿನ ಉದ್ದ ಆರು ಅಡಿ, ಅಂದರೆ ಒಬ್ಬೊಬ್ಬರಿಗೆ ಒಂದು ಅಡಿ ಚಿಲ್ಲರೆ. ಭುಜಕ್ಕೆ ಭುಜ ತಾಗುತ್ತದೆ. ಪಕ್ಕದವರ ದನಿ ಕಿವಿಗೇ ಬಡಿಯುತ್ತದೆ, ತನ್ನ ದನಿ ತನಗೇ ಕೇಳುವುದಿಲ್ಲ. ಆಗ ಮಗು ಏನು ಮಾಡುತ್ತದೆ? ಗೊತ್ತಿಲ್ಲದೆಯೇ ದನಿ ಏರಿಸುತ್ತದೆ. ಪಕ್ಕದವಳೂ ಏರಿಸುತ್ತಾಳೆ. ಗದ್ದಲದಲ್ಲಿ ಮನುಷ್ಯ ತಾನಾಗಿಯೇ ಜೋರಾಗಿ ಮಾತಾಡುವುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ವಿವರಿಸಿದ್ದರು, ಇಂದಿಗೂ ಅದಕ್ಕೆ ಅವರದೇ ಹೆಸರು. ಜಾತ್ರೆಯ ಸಂತೆಯಲ್ಲಿ ನಾವೆಲ್ಲ ಕೂಗಿ ಮಾತಾಡುವುದೂ ಇದಕ್ಕೇ.

ಹಾಗಾಗಿ ಬೆಂಚಿಗೆ ಮೂರೇ ಮಂದಿ ಅಂತ ಮಾಡಿದೆವು. ಒಬ್ಬೊಬ್ಬರಿಗೆ ಎರಡು ಅಡಿ. ಎರಡು ಸಾಲು, ಸಾಲಿಗೆ ನಾಲ್ಕು ಬೆಂಚು, ಹಿಂದಿನವರು ಮುಂದಿನವರ ತಲೆಯ ಹಿಂದೆ ಅಲ್ಲ, ಇಬ್ಬರ ನಡುವಿನ ಸಂದಿಯಲ್ಲಿ. ಬೇರೇನೂ ಬದಲಿಸುವ ಮೊದಲೇ ಕೂಗುವುದು ಕಡಿಮೆಯಾಯಿತು.

ಇನ್ನು ಯಾರು ಎಲ್ಲಿ? ಮೂಲೆಯಲ್ಲಿದ್ದ ಮೂವರು ಟೆನರ್ ಹುಡುಗರಿಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಬೇಸ್. ಸೊಪ್ರಾನೊ ಏನು ಹಾಡುತ್ತಿದ್ದಾರೆ ಅಂತ ಕೇಳಿಸುವುದೇ ಇಲ್ಲ. ಹುಡುಗರು ಕಡಿಮೆ ಇದ್ದಾಗ ಅವರನ್ನು ಮೂಲೆಗೆ ಹಾಕಬಾರದು, ನಡುವಿಗೆ ತರಬೇಕು. ಮುಂದಿನ ಸಾಲಿನಲ್ಲಿ ಎಡದಿಂದ ಐದು ಸೊಪ್ರಾನೊ, ಮೂರು ಟೆನರ್, ನಾಲ್ಕು ಆಲ್ಟೊ. ಹಿಂದೆ ನಾಲ್ಕು ಸೊಪ್ರಾನೊ, ಐದು ಬೇಸ್, ಮೂರು ಆಲ್ಟೊ. ಬೇಸ್ ಹಿಂದೆ ನಡುವಿನಲ್ಲಿ ಕೂತರೆ ಅಡಿಪಾಯದ ಸ್ವರ ಎಲ್ಲರಿಗೂ ಕೇಳುತ್ತದೆ, ಅದರ ಮೇಲೆ ತಮ್ಮ ಸ್ವರ ಇಡುವುದು ಸುಲಭ.

[ಚಿತ್ರ: ಹೊಸ ಕ್ರಮ]

ಆಮೇಲೆ ಪ್ರತಿ ಭಾಗದ ಒಳಗೆ ಯಾರ ಪಕ್ಕ ಯಾರು? ಅಮೆರಿಕದ ಲೂಥರ್ ಕಾಲೇಜಿನಲ್ಲಿ ದಶಕಗಳ ಕಾಲ ಗಾಯನವೃಂದ ನಡೆಸಿದ ವೆಸ್ಟನ್ ನೋಬಲ್ ಜೋಡಿಜೋಡಿಯಾಗಿ ಕೇಳಿ ಜಾಗ ಕೊಡುತ್ತಿದ್ದರು. ನಾವೂ ಅದೇ ದಾರಿ ಹಿಡಿದೆವು. ಮೊದಲು ಅಲುಗಾಡದ, ನೇರವಾದ ಒಂದು ದನಿ ಆರಿಸಿ. ಅವಳ ಪಕ್ಕ ಒಬ್ಬೊಬ್ಬರನ್ನೇ ತಂದು, ಎಲ್ಲರಿಗೂ ಗೊತ್ತಿರುವ ಒಂದು ಪ್ರಾರ್ಥನೆಯ ಎರಡು ಸಾಲು ಹಾಡಿಸಿ. ನೀವು ಹದಿನೈದು ಅಡಿ ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲಿ. ಇಬ್ಬರು ಹಾಡಿದರೂ ಒಂದೇ ದನಿ ಕೇಳಿದಂತಾದರೆ ಅದು ಜೋಡಿ. ಆಮೇಲೆ ಎಡ ಬಲ ಅದಲು ಬದಲು ಮಾಡಿಸಿ ಇನ್ನೊಮ್ಮೆ ಕೇಳಿ. ಕೆಲವು ಜೋಡಿ ಬರೀ ಅಷ್ಟಕ್ಕೇ ಬೇರೆ ಕೇಳುತ್ತದೆ. ಜೋಡಿ ಸಿಕ್ಕಿದ ಮೇಲೆ ಅದರ ಪಕ್ಕಕ್ಕೆ ಮೂರನೆಯವಳು, ಹಾಗೆ ಮುಂದೆ. ಒಂಬತ್ತು ಸೊಪ್ರಾನೊಗೆ ಅರ್ಧ ಗಂಟೆ ಹಿಡಿಯಿತು.

ಟೆನರ್‌ನಲ್ಲಿ ಮೂವರು, ಅವರಲ್ಲಿ ಒಬ್ಬ ಯಕ್ಷಗಾನದ ಭಾಗವತಿಕೆ ಕಲಿಯುತ್ತಿರುವ ಹುಡುಗ. ಎಂಥಾ ಗಂಟಲು! ಚೆಂಡೆ ಮದ್ದಳೆಯನ್ನು ದಾಟಿ ಬಯಲಿನ ಕೊನೆಗೆ ಮುಟ್ಟಬೇಕು ಅಂತಲೇ ಪಳಗಿಸಿದ ದನಿ ಅದು. ನಡುವೆ ಅವನನ್ನು ಕೂರಿಸಿದಾಗ ಎರಡೂ ಕಡೆಯವರು ಹಾಡುವುದನ್ನೇ ಬಿಟ್ಟಿದ್ದರು. ಟೀಚರ್ "ಮೆಲ್ಲಗೆ ಹಾಡು ಮಗಾ" ಅಂದಾಗ ಅವನು ಗಂಟಲು ಬಿಗಿದ, ಶ್ರುತಿ ಕೆಳಗಿಳಿಯಿತು. ಬೆಳೆದ ದನಿಯನ್ನು ಅದುಮಿದರೆ ಆಗುವುದು ಹೀಗೆಯೇ.

ಮೂವರು ಕೂರಲು ಇರುವುದು ಆರೇ ಕ್ರಮ. ಆರನ್ನೂ ಕೇಳಿದೆವು, ಎಲ್ಲ ಸೇರಿ ಐದು ನಿಮಿಷ ಆಗಲಿಲ್ಲ. ಅವನು ಆಲ್ಟೊ ಪಕ್ಕದ ತುದಿಗೆ ಹೋಗಿ, ಮೂವರಲ್ಲಿ ಗಟ್ಟಿ ಶ್ರುತಿಯ ಹುಡುಗ ನಡುವೆ ಬಂದಾಗ ಸರಿ ಕೂತಿತು. ಆಲ್ಟೊದವರು ಹಾಡುವ ಎತ್ತರ ಅವನ ಸ್ವರಕ್ಕೆ ಹತ್ತಿರ, ಹಾಗಾಗಿ ಅವನ ದನಿ ಅವರ ದನಿಯ ಜೊತೆ ಬೆರೆಯುತ್ತದೆ. ದನಿ ಕಡಿಮೆ ಮಾಡು ಅನ್ನುವ ಬದಲು "'ಆ' ಅನ್ನುವಾಗ ಬಾಯಿ ಸ್ವಲ್ಪ 'ಓ' ಕಡೆಗೆ ದುಂಡಗೆ ಮಾಡು" ಅಂದೆವು. ಹೊಳಪು ಇಳಿಯಿತು, ಉಸಿರು ಕಟ್ಟಲಿಲ್ಲ. ಆಟದ ದಿನ ಅವನು ತನ್ನ ಹಳೆಯ ದನಿಗೇ ಹೋಗಬಹುದು, ಹೋಗಬೇಕು ಕೂಡ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗಬೇಗ. ಗಮಕದ ಅಭ್ಯಾಸ ಇರುವವರಿಗೆ ನಿಲ್ಲುವ ಸ್ವರ ಎಲ್ಲಿ, ಜಾರುವುದು ಎಲ್ಲಿ ಅಂತ ಹಾಳೆಯಲ್ಲೇ ಗುರುತು ಹಾಕಿ ಕೊಡಿ, ಇಲ್ಲದಿದ್ದರೆ ಒಂದೇ ಸ್ವರದ ಸುತ್ತ ಒಂಬತ್ತು ದಾರಿ ಆಗುತ್ತದೆ. ಸಾಲಿನ ಕೊನೆಯ ಸಕಾರ ಎಲ್ಲರೂ ಹೇಳಿದರೆ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತದೆ, ಇಬ್ಬರು ಹೇಳಿದರೆ ಸಾಕು. ಬೆಂಚಿನ ಅಂಚಿನಲ್ಲಿ ಕೂರಲಿ, ಬೆನ್ನು ಒರಗಿಸಬಾರದು. ವೇದಿಕೆಯಲ್ಲಿ ಒಬ್ಬೊಬ್ಬರ ಮುಂದೆ ಮೈಕ್ ಬೇಡ, ಕೂರಿಸಿದ ಶ್ರಮವೆಲ್ಲ ಮೈಕಿನಲ್ಲಿ ಹೋಗುತ್ತದೆ. ಎಂಟು ಹತ್ತು ಅಡಿ ಮುಂದೆ, ತಲೆಗಿಂತ ಎತ್ತರದಲ್ಲಿ ಒಂದೋ ಎರಡೋ ಸಾಕು. ಮತ್ತೆ ಈ ಜಾಗ ಶಾಶ್ವತ ಅಲ್ಲ. ಹುಡುಗರ ಗಂಟಲು ಇನ್ನೂ ಬದಲಾಗುತ್ತಿರುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಜೋಡಿ ಕೇಳಿ ನೋಡಿ.

ಎರಡನೇ ಶನಿವಾರ ಸಂಜೆಯ ರೆಕಾರ್ಡಿಂಗ್ ಇದು. ಅದೇ ಕೋಣೆ, ಅದೇ ಫೋನ್, ಅದೇ 24 ಮಕ್ಕಳು. ಆಲ್ಟೊ ಎರಡನೇ ಸಾಲಿನಲ್ಲಿ ಇನ್ನೂ ಸ್ವಲ್ಪ ಇಳಿಯುತ್ತದೆ, ಅದರ ಮೇಲೆ ಟೀಚರ್ ಕೆಲಸ ಮಾಡುತ್ತಿದ್ದಾರೆ. ನೀವು ಆ "ಡು" ಕೇಳಿ.

[ಆಡಿಯೋ: ಹೊಸ ರೆಕಾರ್ಡಿಂಗ್, 12 ಸೆಕೆಂಡು]